ಎರಡು ತುದಿಯಲ್ಲಿ ಆಳ ಬೇರೆ ಇದ್ದರೆ ಕಾಲುವೆಯ ಮಣ್ಣಿನ ಲೆಕ್ಕ ಹೇಗೆ?

ಪ್ರಶ್ನೆ: ನಮ್ಮೂರಲ್ಲಿ ಕಾಲುವೆಯ ಒಂದು ತುಂಡು ಅಗೆಯುವ ಕೆಲಸ ಹಿಡಿದಿದ್ದೇವೆ. ಉದ್ದ 100 ಮೀಟರ್, ತಳದ ಅಗಲ 2 ಮೀಟರ್. ದಂಡೆಯ ಓರೆ ಒಂದೂವರೆಗೆ ಒಂದು. ಈ ತುದಿಯಲ್ಲಿ ಆಳ 1 ಮೀಟರ್, ಆ ತುದಿಯಲ್ಲಿ ದಿಬ್ಬ ಇರುವುದರಿಂದ 3 ಮೀಟರ್. ಸರಾಸರಿ ಆಳ 2 ಮೀಟರ್ ಹಿಡಿದರೆ 1000 ಘನ ಮೀಟರ್ ಮಣ್ಣು ಬರುತ್ತದೆ. ಕೆಲಸ ಮಾಡಿಸುವವರು 1000 ಅನ್ನುತ್ತಾರೆ, ಅಗೆಯುವವರು 1150 ಅನ್ನುತ್ತಾರೆ. ಯಾರದು ಸರಿ?

ಉತ್ತರ: ಇಬ್ಬರದೂ ಅಲ್ಲ. ಸರಿಯಾದ ಲೆಕ್ಕ 1050.

ಈ ಪ್ರಶ್ನೆ ಊರು ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಒಮ್ಮೆ ಬೀಳಗಿ, ಒಮ್ಮೆ ಮುಧೋಳ, ಒಮ್ಮೆ ಇಂಡಿ. ಅಂಕಿ ಬೇರೆ, ಜಗಳ ಅದೇ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿಬಿಡಿ.

ಆಳ ಎಲ್ಲ ಕಡೆ ಒಂದೇ ಇದ್ದರೆ ತಲೆನೋವೇ ಇಲ್ಲ. ಕಾಲುವೆಯನ್ನು ಅಡ್ಡ ಕೊಯ್ದು ನೋಡಿದರೆ ತ್ರಾಪಿಜ್ಯ ಕಾಣುತ್ತದೆ. ಮೇಲಿನ ಅಗಲ, ತಳದ ಅಗಲ ಕೂಡಿಸಿ, ಅರ್ಧ ಮಾಡಿ, ಆಳದಿಂದ ಗುಣಿಸಿದರೆ ವಿಸ್ತೀರ್ಣ. ಅದನ್ನು ಉದ್ದದಿಂದ ಗುಣಿಸಿದರೆ ಮಣ್ಣು. ಶಾಲೆಯಲ್ಲಿ ಕಲಿತದ್ದೇ. ಒಂದೇ ಎಚ್ಚರ: ಆಳ ಅಂದರೆ ನೇರ ಕೆಳಗಿನ ಆಳ. ದಂಡೆಯ ಮೇಲೆ ಟೇಪ್ ಇಳಿಬಿಟ್ಟು ಓರೆಯಾಗಿ ಅಳೆದದ್ದು ಆಳ ಅಲ್ಲ. ಒಂದೂವರೆಗೆ ಒಂದು ಓರೆಯಲ್ಲಿ 1 ಮೀಟರ್ ಆಳಕ್ಕೆ ದಂಡೆಯ ಮೈ ಸುಮಾರು 1.8 ಮೀಟರ್ ಬರುತ್ತದೆ. ಅದನ್ನೇ ಆಳ ಅಂತ ಬರೆದರೆ ಲೆಕ್ಕ ಹತ್ತಿರ ಹತ್ತಿರ ದುಪ್ಪಟ್ಟಾಗುತ್ತದೆ.

ಆದರೆ ನಮ್ಮ ಕಡೆ ನೆಲ ಎಲ್ಲಿ ಸಪಾಟಾಗಿದೆ? ಕಾಲುವೆಯ ತಳ ಮಾತ್ರ ತೀರಾ ಸಣ್ಣ ಇಳಿಜಾರಿನಲ್ಲಿ ಹೋಗಬೇಕು, ಇಲ್ಲದಿದ್ದರೆ ನೀರು ರಭಸದಿಂದ ಹರಿದು ದಂಡೆ ಕೊರೆಯುತ್ತದೆ. ಮೇಲಿನ ನೆಲ ತನ್ನ ಪಾಡಿಗೆ ಏರುತ್ತದೆ, ಇಳಿಯುತ್ತದೆ. ಹಿಡಕಲ್‌ನಿಂದ ಬರುವ ಘಟಪ್ರಭಾ ಕಾಲುವೆ ನೋಡಿ, ಆಲಮಟ್ಟಿಯಿಂದ ಹೊರಟ ಕಾಲುವೆ ನೋಡಿ. ದಿಬ್ಬ ಸಿಕ್ಕಲ್ಲಿ ಆಳದ ಕೊರೆತ, ತಗ್ಗು ಸಿಕ್ಕಲ್ಲಿ ಏರಿ ಕಟ್ಟಿದ ದಂಡೆ. ಆಳ ಬದಲಾಗುವುದು ಮಾಮೂಲಿ.

ಇಲ್ಲೇ ಆ ಹಠಮಾರಿ ನಂಬಿಕೆ ತಲೆ ಹಾಕುವುದು: “ಎರಡೂ ತುದಿ ಆಳ ಕೂಡಿಸಿ ಅರ್ಧ ಮಾಡಿದ್ರ ಆತಲ್ರೀ ಸರ.” ಎಷ್ಟು ಸಲ ಕೇಳಿದ್ದೇನೋ! ಹೇಳುವವರು ದಡ್ಡರಲ್ಲ. ಪೈಪ್‌ಲೈನ್ ಕೆಲಸ ಮಾಡಿ ಮಾಡಿ ಅವರಿಗೆ ಅದು ರೂಢಿ. ಪೈಪಿಗೆ ತೋಡುವ ತೋಡಿನ ಗೋಡೆ ನೆಟ್ಟಗಿರುತ್ತದೆ. ಆಳ ಎಷ್ಟೇ ಆದರೂ ಅಗಲ ಅಷ್ಟೇ. ಅಲ್ಲಿ ಸರಾಸರಿ ಆಳ ಹಿಡಿದರೆ ಉತ್ತರ ಒಂದು ಬುಟ್ಟಿಯೂ ತಪ್ಪುವುದಿಲ್ಲ.

ಕಾಲುವೆಯಲ್ಲಿ ಹಾಗಿಲ್ಲ. ಆಳ ಜಾಸ್ತಿ ಆದಂತೆ ಮೇಲಿನ ಅಗಲವೂ ಜಾಸ್ತಿ ಆಗುತ್ತದೆ. ಎರಡೂ ಒಟ್ಟಿಗೆ ಬೆಳೆಯುತ್ತವೆ. ನಿಮ್ಮ ಕಾಲುವೆಯನ್ನೇ ತೆಗೆದುಕೊಳ್ಳೋಣ. ಓರೆ ಒಂದೂವರೆಗೆ ಒಂದು ಅಂದರೆ 1 ಮೀಟರ್ ಆಳಕ್ಕೆ ಪ್ರತಿ ದಂಡೆ ಒಂದೂವರೆ ಮೀಟರ್ ಹೊರಗೆ ಸರಿಯುತ್ತದೆ. ಆಳ 1 ಇದ್ದಲ್ಲಿ ಮೇಲಿನ ಅಗಲ 2 + 3 = 5 ಮೀಟರ್. ವಿಸ್ತೀರ್ಣ 3.5 ಚದರ ಮೀಟರ್. ಆಳ 3 ಇದ್ದಲ್ಲಿ ಮೇಲಿನ ಅಗಲ 2 + 9 = 11. ವಿಸ್ತೀರ್ಣ 19.5. ಆಳ ಮೂರು ಪಟ್ಟಾಯಿತು, ವಿಸ್ತೀರ್ಣ ಐದೂವರೆ ಪಟ್ಟಿಗಿಂತ ಜಾಸ್ತಿ ಆಯಿತು. ನಡುವೆ ಆಳ 2 ಇರುವಲ್ಲಿ ಮೇಲಿನ ಅಗಲ 8, ವಿಸ್ತೀರ್ಣ 10. ಸರಾಸರಿ ಆಳದವರು ಈ 10ನ್ನೇ 100 ಮೀಟರಿಗೂ ಹಚ್ಚಿ 1000 ಅನ್ನುತ್ತಾರೆ.

ಆ ಅಡ್ಡಕೊಯ್ತವನ್ನು ಬಿಡಿಸಿ ನೋಡಿ. ನಡುವೆ 2 ಮೀಟರ್ ಅಗಲದ ಆಯತ, ಅಕ್ಕಪಕ್ಕ ಎರಡು ತ್ರಿಕೋನ. ಆಯತದ ತಂಟೆ ಇಲ್ಲ, ಅಲ್ಲಿ ಸರಾಸರಿ ನಡೆಯುತ್ತದೆ. ತರಲೆ ಇರುವುದು ತ್ರಿಕೋನಗಳಲ್ಲಿ. ಎರಡೂ ಸೇರಿ ಈ ತುದಿಯಲ್ಲಿ 1.5 ಚದರ ಮೀಟರ್, ನಡುವೆ 6, ಆ ತುದಿಯಲ್ಲಿ 13.5. ಈ ತುದಿಯಿಂದ ನಡುವಿನವರೆಗೆ ಏರಿದ್ದು 4.5, ನಡುವಿನಿಂದ ಆ ತುದಿಗೆ ಏರಿದ್ದು 7.5. ಅಂದರೆ ನಡುವಿನ 6 ಇಡೀ ಉದ್ದದ ಪ್ರತಿನಿಧಿ ಅಲ್ಲ. ಆಚೆ ಅರ್ಧದಲ್ಲಿ ಜಾಸ್ತಿ ಬಂದ ಮಣ್ಣನ್ನು ಈಚೆ ಅರ್ಧದ ಕೊರತೆ ಸರಿದೂಗಿಸುವುದಿಲ್ಲ. ಹಾಗಾಗಿ ನೆಲ ಒಂದೇ ಸಮ ಏರಿದ್ದರೆ ಸರಾಸರಿ ಆಳದ ಲೆಕ್ಕ ಯಾವಾಗಲೂ ಕಡಿಮೆಯೇ ಬರುತ್ತದೆ. ಗಮನಿಸಿ, ಒಮ್ಮೆ ಕಡಿಮೆ ಒಮ್ಮೆ ಜಾಸ್ತಿ ಅಲ್ಲ. ಯಾವಾಗಲೂ ಕಡಿಮೆ. ನಷ್ಟ ಅಗೆದವನಿಗೆ.

ಇಷ್ಟಾದರೂ ಒಪ್ಪದವರು ಇರುತ್ತಾರೆ. ಅವರಿಗೆ ನಾನು ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ತಳದ ಅಗಲ ಸೊನ್ನೆ ಮಾಡಿ. ಒಂದು ತುದಿಯಲ್ಲಿ ಆಳವೂ ಸೊನ್ನೆ. 30 ಮೀಟರ್ ದೂರದ ಇನ್ನೊಂದು ತುದಿಯಲ್ಲಿ ಆಳ 2, ಮೇಲಿನ ಅಗಲ 4. ಆ ತುದಿಯ ತ್ರಿಕೋನದ ವಿಸ್ತೀರ್ಣ 4 ಚದರ ಮೀಟರ್. ಈ ಹೊಂಡದ ಆಕಾರ ಏನು? ಮಲಗಿಸಿದ ಪಿರಮಿಡ್. ಪಿರಮಿಡ್ಡಿನ ಘನಫಲ ಪಾದದ ವಿಸ್ತೀರ್ಣ, ಎತ್ತರ ಗುಣಿಸಿ ಮೂರರಿಂದ ಭಾಗಿಸಿದಷ್ಟು ಅಂತ ಎಲ್ಲರಿಗೂ ಗೊತ್ತು. 4 × 30 ÷ 3 = 40 ಘನ ಮೀಟರ್. ಈಗ ಸರಾಸರಿ ಆಳ 1 ಹಿಡಿಯಿರಿ. ಮೇಲಿನ ಅಗಲ 2, ವಿಸ್ತೀರ್ಣ 1, ಮಣ್ಣು 30. ನಾಲ್ಕರಲ್ಲಿ ಒಂದು ಪಾಲು ಮಾಯ! ಇಲ್ಲಿಗೆ ಬಂದ ಮೇಲೆ ಸಾಮಾನ್ಯವಾಗಿ ಯಾರೂ ವಾದ ಮಾಡುವುದಿಲ್ಲ. ಚಹಾ ಹೇಳುತ್ತಾರೆ.

ಹಾಗಾದರೆ 1150 ಎಲ್ಲಿಂದ ಬಂತು? ಅದು ಆಳದ ಸರಾಸರಿ ಅಲ್ಲ, ವಿಸ್ತೀರ್ಣದ ಸರಾಸರಿ. 3.5 ಮತ್ತು 19.5 ಕೂಡಿಸಿ ಅರ್ಧ ಮಾಡಿದರೆ 11.5. ಅದನ್ನು 100ರಿಂದ ಗುಣಿಸಿದರೆ 1150. ಇದು ಸೈಟಿನಲ್ಲಿ ಎಲ್ಲರೂ ಬಳಸುವ ಪದ್ಧತಿ, ಹೊಸದೇನಲ್ಲ. ಆದರೆ ಇದು ಇನ್ನೊಂದು ಕಡೆಗೆ ವಾಲುತ್ತದೆ. ನೆಲ ಒಂದೇ ಸಮ ಏರಿದ್ದರೆ ಇದರ ತಪ್ಪು ಸರಾಸರಿ ಆಳದ ತಪ್ಪಿನ ಸರಿಯಾಗಿ ಎರಡು ಪಟ್ಟು. ಅವರು 50 ಕಡಿಮೆ ಹೇಳಿದರು, ಇವರು 100 ಜಾಸ್ತಿ ಹೇಳಿದರು. ತಮಗೆ ಲಾಭ ಇರುವ ಪದ್ಧತಿಯೇ ಪ್ರತಿಯೊಬ್ಬರಿಗೂ ಸರಿ ಕಾಣುವುದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ?

ಸರಿಯಾದ ದಾರಿ ಎರಡರ ನಡುವೆ ಇದೆ. ಎರಡು ತುದಿಯ ವಿಸ್ತೀರ್ಣ, ಅದಕ್ಕೆ ನಡುವಿನ ವಿಸ್ತೀರ್ಣದ ನಾಲ್ಕು ಪಟ್ಟು ಕೂಡಿಸಿ, ಆರರಿಂದ ಭಾಗಿಸಿ, ಉದ್ದದಿಂದ ಗುಣಿಸಿ.

```
(3.5 + 4 × 10 + 19.5) ÷ 6 × 100 = 1050
```

ಪಿರಮಿಡ್ಡಿಗೂ ಹಚ್ಚಿ ನೋಡಿ: (0 + 4 × 1 + 4) ÷ 6 × 30 = 40. ತಾಳೆ ಆಯಿತು.

ಒಂದು ಮಾತು ನೆನಪಿಡಿ. ಈ ಸೂತ್ರದಲ್ಲಿ ನಡುವಿನ ಆಳ ಅಂದರೆ ಅಲ್ಲಿ ನಿಂತು ಅಳೆದ ಆಳ. ಎರಡು ತುದಿಯ ಆಳ ಕೂಡಿಸಿ ಅರ್ಧ ಮಾಡಿ ಬರೆದದ್ದಲ್ಲ. ನೆಲ ಒಂದೇ ಸಮ ಏರಿದ್ದರೆ ಎರಡೂ ಒಂದೇ ಬರುತ್ತವೆ. ನಡುವೆ ಒಂದು ಉಬ್ಬು ಇದ್ದರೆ ಮಾತ್ರ ಗೊತ್ತಾಗುತ್ತದೆ, ಸುಮ್ನೆ ಕೂತು ಬರೆದವರ ಹಣೆಬರಹ. ನೆಲ ಕಾಲುವೆಗೆ ಅಡ್ಡಲಾಗಿಯೂ ವಾಲಿದ್ದರೆ ಅಡ್ಡಕೊಯ್ತ ತ್ರಾಪಿಜ್ಯವೇ ಆಗಿರುವುದಿಲ್ಲ. ಆಗ ಎಡ, ನಡು, ಬಲ ಮೂರೂ ಕಡೆ ಲೆವೆಲ್ ಹಿಡಿಯಬೇಕು.

ಈ ಸೂತ್ರ ಬೇಡ, ಸೈಟಿನಲ್ಲಿ ಯಾರೂ ಒಪ್ಪುವುದಿಲ್ಲ ಅನ್ನುತ್ತೀರಾ? ಅದಕ್ಕೂ ಉಪಾಯ ಇದೆ. ಅಳತೆಯ ಅಂತರ ಕಡಿಮೆ ಮಾಡಿ. ಅದೇ 100 ಮೀಟರನ್ನು 50ರ ಎರಡು ತುಂಡು ಮಾಡಿ, ವಿಸ್ತೀರ್ಣದ ಸರಾಸರಿಯನ್ನೇ ಹಿಡಿಯಿರಿ. ಮೊದಲ ತುಂಡು 337.5, ಎರಡನೆಯದು 737.5. ಒಟ್ಟು 1075. ತಪ್ಪು 100ರಿಂದ 25ಕ್ಕೆ ಇಳಿಯಿತು. 25 ಮೀಟರಿಗೊಂದು ಅಳತೆ ಹಿಡಿದರೆ 1056.25. ಅಂತರ ಅರ್ಧ ಆದಾಗಲೆಲ್ಲ ತಪ್ಪು ಕಾಲು ಭಾಗಕ್ಕೆ ಇಳಿಯುತ್ತದೆ. ಇಷ್ಟಕ್ಕೆ ಯಾರೂ ಜಗಳ ಆಡುವುದಿಲ್ಲ.

ಇನ್ನು ನೀವು ಕೇಳದ, ಆದರೆ ಮುಂದಿನ ವಾರ ಖಂಡಿತ ಕೇಳುವ ಪ್ರಶ್ನೆ: “ಲೆಕ್ಕದಲ್ಲಿ 1050 ಇದೆ, ಟಿಪ್ಪರ್ ಎಣಿಸಿದರೆ 1300 ದಾಟುತ್ತದೆ. ಹೇಗೆ?”

ಹೀಗೆ. ನೆಲದಲ್ಲಿದ್ದಾಗ ಮಣ್ಣು ಬಿಗಿಯಾಗಿರುತ್ತದೆ. ಜೆಸಿಬಿ ಹಲ್ಲು ಹಾಕಿ ಎತ್ತಿದಾಗ ಹೆಂಟೆ ಹೆಂಟೆಯಾಗಿ ಏಳುತ್ತದೆ, ಹೆಂಟೆಗಳ ಸಂದಿಯಲ್ಲಿ ಗಾಳಿ ತುಂಬುತ್ತದೆ. ನಮ್ಮ ಎರೆ ಮಣ್ಣಿನಲ್ಲಿ ಇದು ಕಾಲು ಭಾಗದಷ್ಟು ಸುಲಭವಾಗಿ ಹೆಚ್ಚುತ್ತದೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಬ್ರಾಸ್ ಲೆಕ್ಕದಲ್ಲಿ ಹೇಳಬೇಕೆಂದರೆ, 1 ಬ್ರಾಸ್ ಅಂದರೆ 100 ಘನ ಅಡಿ, ಅಂದರೆ ಸುಮಾರು 2.83 ಘನ ಮೀಟರ್. ನೆಲದಲ್ಲಿ 1050 ಘನ ಮೀಟರ್ ಅಂದರೆ 371 ಬ್ರಾಸ್. ಕಾಲು ಭಾಗ ಉಬ್ಬಿದರೆ ಅದೇ ಮಣ್ಣು ಟಿಪ್ಪರಿನಲ್ಲಿ ಸುಮಾರು 464 ಬ್ರಾಸ್. ಮಣ್ಣು ಒಂದು ಹಿಡಿಯೂ ಹೆಚ್ಚಾಗಿಲ್ಲ.

ಆದ್ದರಿಂದ ರೇಟು ಮಾತಾಡುವಾಗಲೇ ಅಳತೆ ಹೊಂಡದಲ್ಲೋ ಟಿಪ್ಪರಿನಲ್ಲೋ ಅಂತ ಬರೆಸಿಕೊಳ್ಳಿ. ಅಗೆತಕ್ಕೆ ಹೊಂಡದ ಅಳತೆ, ಸಾಗಾಟಕ್ಕೆ ಟಿಪ್ಪರ್ ಅಳತೆ ಅಂತ ಬೇರೆ ಬೇರೆ ಬರೆಸಿದರೂ ಸರಿ. ಹೊಂಡದ ಅಳತೆ ಅಂತಾದರೆ ಅಗೆಯುವ ಮೊದಲೇ ನೆಲದ ಲೆವೆಲ್ ಹಿಡಿದು ಇಬ್ಬರೂ ಸಹಿ ಹಾಕಿ. ಅಗೆದ ಮೇಲೆ ಮೊದಲಿನ ನೆಲ ಎಲ್ಲಿತ್ತು ಅಂತ ತೋರಿಸಲು ಏನೂ ಉಳಿದಿರುವುದಿಲ್ಲ. ದಂಡೆಯ ಮೇಲೆ ಸುರಿದ ಮಣ್ಣನ್ನೇ ನೆಲ ಅಂದುಕೊಂಡು ಟೇಪ್ ಹಿಡಿದರೆ ಆಳ ಅರ್ಧ ಮೀಟರ್ ಸುಮ್ನೆ ಏರಿಬಿಡುತ್ತದೆ. ನಿಮ್ಮ ಕಾಲುವೆಯ 3 ಮೀಟರ್ ತುದಿಯಲ್ಲಿ ಆ ಅರ್ಧ ಮೀಟರಿಗೆ ವಿಸ್ತೀರ್ಣ 19.5ರಿಂದ 25.4ಕ್ಕೆ ಹಾರುತ್ತದೆ.