ಸೇರುವವರನ್ನೆಲ್ಲ ಸೋಸಿದರೂ ಗುಂಪಿಗೆ ಕಸ ಬರುವುದೇಕೆ?

ಪ್ರಶ್ನೆ: ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿಗೆ ನಾನು ಅಡ್ಮಿನ್. ಸುಮಾರು ಆರುನೂರು ಸದಸ್ಯರಿದ್ದಾರೆ. ಹೊಸಬರನ್ನು ಅಡ್ಮಿನ್ ಒಪ್ಪಿದ ಮೇಲೆಯೇ ಸೇರಿಸಿಕೊಳ್ಳುವ ವ್ಯವಸ್ಥೆ ಮಾಡಿದ್ದೇನೆ. ಆದರೂ ಸಾಲದ ಲಿಂಕು, ಸಬ್ಸಿಡಿ ಹೆಸರಿನ ಫೈಲುಗಳು ಬರುತ್ತಲೇ ಇವೆ. ಅಡ್ಮಿನ್‌ಗಳಷ್ಟೇ ಬರೆಯುವಂತೆ ಮಾಡಿದರೆ ರೈತರು ಪ್ರಶ್ನೆ ಕೇಳುವುದು ಎಲ್ಲಿ?

ಉತ್ತರ: ನಿಮ್ಮ ಗುಂಪಿಗೆ ಬರುತ್ತಿರುವ ಕಸದಲ್ಲಿ ಎರಡು ಬಗೆ ಇದೆ. ನೀವು ಮಾಡಿರುವ ವ್ಯವಸ್ಥೆ ಅದರಲ್ಲಿ ಒಂದನ್ನು ಮಾತ್ರ ತಡೆಯುತ್ತದೆ. ಲಿಂಕ್ ಹಿಡಿದು ಒಳಗೆ ಬಂದು ಜಾಹೀರಾತು ಸುರಿಯುವ ಅಪರಿಚಿತ ಮೊದಲನೆಯವನು. ಎರಡನೆಯವರು ನಿಮ್ಮದೇ ಸದಸ್ಯರು: ಮೂರು ವರ್ಷದಿಂದ ಗುಂಪಿನಲ್ಲಿದ್ದು, ಈಗ ಫೋನಿನ ಹಿಡಿತ ಕಳೆದುಕೊಂಡವರು. ಸಬ್ಸಿಡಿ ಹೆಸರಿನ ಫೈಲುಗಳು ಹೆಚ್ಚಾಗಿ ಬರುವುದು ಇವರ ನಂಬರಿನಿಂದ. ಇಂಥವರ ವಿಷಯದಲ್ಲಿ ಅನುಮೋದನೆ ಏನೂ ಮಾಡಲಾರದು, ಏಕೆಂದರೆ ಅವರನ್ನು ಒಪ್ಪಿಕೊಂಡವರು ನೀವೇ.

ಮೊದಲ ಬಗೆಯದು ಸುಲಭ. ಗುಂಪಿನ ಮಾಹಿತಿಯಲ್ಲಿ `Group permissions` ತೆರೆದು `Approve new members` ಆನ್ ಇದೆಯೇ ಎಂದು ನೋಡಿ. ಹಾಗೆಯೇ ಬೇರೆಯವರನ್ನು ಸೇರಿಸುವ ಅಧಿಕಾರವನ್ನು ಅಡ್ಮಿನ್‌ಗಳಿಗಷ್ಟೇ ಉಳಿಸಿಕೊಳ್ಳಿ. ಹಳೆಯ ಲಿಂಕ್ ಗೊಬ್ಬರದ ಅಂಗಡಿಯ ಗೋಡೆಯ ಮೇಲೋ ಫೇಸ್‌ಬುಕ್ಕಿನಲ್ಲೋ ಇದ್ದರೆ ಅದನ್ನು ರೀಸೆಟ್ ಮಾಡಿ. ಹಳೆಯ ಲಿಂಕ್ ಮತ್ತು ಅದರ ಕ್ಯೂಆರ್ ಕೋಡ್ ಎರಡೂ ಆ ಕ್ಷಣಕ್ಕೆ ನಿಷ್ಪ್ರಯೋಜಕವಾಗುತ್ತವೆ. ಕೋರಿಕೆ ಬಂದಾಗ ಹೆಸರು, ಚಿತ್ರ ನೋಡಿ ಒಪ್ಪಬೇಡಿ, ಅವೆರಡನ್ನೂ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಊರು ಯಾವುದು, ಯಾರ ತೋಟದ ಪಕ್ಕ ಎಂದು ಒಂದು ಕರೆ ಮಾಡಿ ಕೇಳಿದರೆ ಸಾಕು. ಬೆಳೆಗಾರನಾದವನು ತಡವರಿಸದೆ ಹೇಳುತ್ತಾನೆ.

ಎರಡನೆಯ ಬಗೆಯನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಅಕ್ಟೋಬರ್ ಚಾಟಣಿ ಮುಗಿದಿದೆ, ಮಳೆ ಬಿದ್ದಿದೆ, ಡೌನಿ ರೋಗದ ಭಯಕ್ಕೆ ಎಲ್ಲರೂ ಗುಂಪನ್ನೇ ನೋಡುತ್ತಿದ್ದಾರೆ. ರಾತ್ರಿ ಹತ್ತಕ್ಕೆ ಹಿರಿಯ ಬೆಳೆಗಾರರೊಬ್ಬರ ನಂಬರಿನಿಂದ ಪಿಎಂ ಕಿಸಾನ್ ಹೆಸರಿನ, ಕೊನೆಯಲ್ಲಿ `.apk` ಎಂದಿರುವ ಫೈಲ್ ಬರುತ್ತದೆ. ಅದು ಕಾಗದವೂ ಅಲ್ಲ, ಅರ್ಜಿ ನಮೂನೆಯೂ ಅಲ್ಲ, ಆಂಡ್ರಾಯ್ಡ್ ಫೋನಿನಲ್ಲಿ ಇನ್‌ಸ್ಟಾಲ್ ಆಗುವ ಆ್ಯಪ್. ಇಂಥ ಆ್ಯಪ್‌ಗಳು ಎಸ್ಸೆಮ್ಮೆಸ್ ಓದುವ ಅನುಮತಿ ಕೇಳಿ ಪಡೆದು ಬ್ಯಾಂಕಿನ ಒಟಿಪಿ ಕದಿಯುತ್ತವೆ. ಬಳಿಕ ಅದೇ ಫೈಲ್ ಆ ಫೋನಿನ ಮಾಲೀಕನ ಗುಂಪುಗಳಿಗೆಲ್ಲ ಹೋಗುತ್ತದೆ. ಕಳುಹಿಸಿದವರು ಕಾಕಾ ಎಂಬ ನಂಬಿಕೆಯ ಮೇಲೆ ಉಳಿದವರು ಅದನ್ನು ಒತ್ತುತ್ತಾರೆ.

ಈ ಹೊತ್ತಿನಲ್ಲಿ ಕ್ರಮ ಮುಖ್ಯ. ಬಹಳ ಅಡ್ಮಿನ್‌ಗಳು ಮೊದಲು ಆ ಸದಸ್ಯರನ್ನು ತೆಗೆದುಹಾಕುತ್ತಾರೆ. ಅವರು ಹೊರಗೆ ಹೋಗುತ್ತಾರೆ, ಫೈಲ್ ಮಾತ್ರ ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಮೊದಲು `Send new messages` ಎಂಬುದನ್ನು ಆಫ್ ಮಾಡಿ ಅಡ್ಮಿನ್‌ಗಳಷ್ಟೇ ಬರೆಯುವಂತೆ ಮಾಡಿ. ‘ಇದು ನಿಜವೇ?’ ಎಂಬ ಇಪ್ಪತ್ತು ಸಂದೇಶಗಳ ನಡುವೆ ಎಚ್ಚರಿಕೆ ಮುಳುಗಿ ಹೋಗುವುದು ಇದರಿಂದ ತಪ್ಪುತ್ತದೆ. ಆಮೇಲೆ ಫೈಲಿನ ಮೇಲೆ ಒತ್ತಿ ಹಿಡಿದು `Delete for everyone` ಆರಿಸಿ. ಅಡ್ಮಿನ್ ಆಗಿ ಬೇರೆಯವರ ಸಂದೇಶವನ್ನೂ ಹೀಗೆ ಅಳಿಸಬಹುದು. ಆದರೆ ಇದಕ್ಕೆ ಸುಮಾರು ಎರಡು ದಿನಗಳ ಗಡುವಿದೆ, ಬೆಳಿಗ್ಗೆ ನೋಡೋಣ ಎಂದು ಮುಂದೂಡುತ್ತ ಹೋಗಬೇಡಿ. ಅಳಿಸಿದ್ದು ಅಡ್ಮಿನ್ ಎಂಬ ಸಾಲು ಅಲ್ಲಿ ಕಾಣುತ್ತದೆ, ಅದು ಇರಲಿ. ಮೂರನೆಯದಾಗಿ ಸದಸ್ಯರನ್ನು ತೆಗೆಯಿರಿ, ಕೂಡಲೇ ಫೋನ್ ಮಾಡಿ. ತೆಗೆದಿದ್ದು ಶಿಕ್ಷೆಯಲ್ಲ, ಅವರ ಫೋನ್ ಮತ್ತೆ ಕಳುಹಿಸದಿರಲಿ ಎಂದು ಮಾಡಿದ್ದು ಎಂಬುದನ್ನು ಅವರಿಗೆ ಹೇಳದಿದ್ದರೆ ನಾಳೆ ಸಂತೆಯಲ್ಲಿ ಜಗಳ ಕಾದಿರುತ್ತದೆ.

ಅವರು ಮಾಡಬೇಕಾದದ್ದು ಇಷ್ಟು: ಫೋನಿನ ಡೇಟಾ, ವೈಫೈ ಆಫ್ ಮಾಡಿ ಆ ಆ್ಯಪ್ ತೆಗೆಯಬೇಕು. ವಾಟ್ಸ್‌ಆ್ಯಪ್‌ನ `Linked devices` ತೆರೆದು ಗುರುತಿಲ್ಲದ್ದನ್ನು ಲಾಗ್‌ಔಟ್ ಮಾಡಬೇಕು. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಬೇಕು. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ. ಗುಂಪಿನಲ್ಲಿ ನೀವು ಹಾಕುವ ಎಚ್ಚರಿಕೆಯಲ್ಲಿ ‘ತೆರೆಯಬೇಡಿ’ ಎಂದಷ್ಟೇ ಬರೆದರೆ ಸಾಲದು, ‘ಈಗಾಗಲೇ ಇನ್‌ಸ್ಟಾಲ್ ಮಾಡಿದವರು ನನಗೆ ಫೋನ್ ಮಾಡಿ’ ಎಂದೂ ಇರಬೇಕು. ನೀವು ಸಂದೇಶ ಅಳಿಸಿದ ಮಾತ್ರಕ್ಕೆ ಇನ್‌ಸ್ಟಾಲ್ ಆದ ಆ್ಯಪ್ ಯಾರ ಫೋನಿನಿಂದಲೂ ಹೋಗುವುದಿಲ್ಲ.

ಇಲ್ಲಿ ಯಾರೂ ಯೋಚಿಸದ ಒಂದು ತೊಡಕಿದೆ. ಗುಂಪನ್ನು ಮೊದಲು ರಚಿಸಿದವರನ್ನು ಉಳಿದ ಅಡ್ಮಿನ್‌ಗಳು ತೆಗೆದುಹಾಕಲಾಗದು. ಅವರ ಖಾತೆಯೇ ಕಳ್ಳರ ಕೈಗೆ ಸಿಕ್ಕರೆ ಬರೆಯುವ ಅನುಮತಿ ಮುಚ್ಚಿಯೂ ಉಪಯೋಗವಿಲ್ಲ, ಅಡ್ಮಿನ್‌ಗೆ ಆ ಬೀಗ ಅನ್ವಯಿಸುವುದೇ ಇಲ್ಲ. ಹಾಗಾಗಿ ಅಡ್ಮಿನ್‌ಗಳೆಲ್ಲರೂ ಎರಡು ಹಂತದ ಪರಿಶೀಲನೆಯ ಆರು ಅಂಕಿಯ ಪಿನ್ ಇಟ್ಟುಕೊಳ್ಳಲೇಬೇಕು. ಊರಿಗೊಬ್ಬರಂತೆ ಗೌರವಕ್ಕೆಂದು ಹದಿನೈದು ಮಂದಿಯನ್ನು ಅಡ್ಮಿನ್ ಮಾಡಿರುವ ಗುಂಪುಗಳಿವೆ. ನನಗೆ ಅದು ಸರಿ ಕಾಣುವುದಿಲ್ಲ. ರಾತ್ರಿ ಫೋನ್ ಎತ್ತುವ ಮೂವರು ಸಾಕು.

ಇನ್ನು ರೈತರು ಪ್ರಶ್ನೆ ಕೇಳುವುದು ಎಲ್ಲಿ ಎಂಬುದು. ಇರುವ ಗುಂಪನ್ನೇ ಶಾಶ್ವತವಾಗಿ ಪ್ರಕಟಣೆಗೆ ಮೀಸಲಿಟ್ಟರೆ ಜನ ಎಮೋಜಿ ಒತ್ತಬಹುದು, ಬರೆಯಲಾಗದು. ಕೇಳಬೇಕಾದವರೆಲ್ಲ ನಿಮ್ಮ ಖಾಸಗಿ ಚಾಟಿಗೆ ಬರುತ್ತಾರೆ. ಎಲೆಯ ಮೇಲಿನ ಎಣ್ಣೆಕಲೆಯ ಒಂದೇ ಫೋಟೊ ನಲವತ್ತು ಮಂದಿಯಿಂದ ಬಂದು, ಒಂದೇ ಉತ್ತರವನ್ನು ನಲವತ್ತು ಸಲ ಬರೆಯುವ ಪಾಡು ನಿಮ್ಮದಾಗುತ್ತದೆ. ಬೆಳಿಗ್ಗೆ ತೆರೆದು ರಾತ್ರಿ ಮುಚ್ಚುವ ಉಪಾಯವೂ ಬಾಳುವುದಿಲ್ಲ. ಅದನ್ನು ದಿನವೂ ಕೈಯಿಂದಲೇ ಮಾಡಬೇಕು, ಮದುವೆ ಮನೆಯಲ್ಲಿದ್ದ ದಿನ ಮರೆಯುತ್ತದೆ.

ನನ್ನ ಸಲಹೆ, ವಾಟ್ಸ್‌ಆ್ಯಪ್‌ನ ಕಮ್ಯುನಿಟಿ ರಚಿಸಿ ಈಗಿನ ಗುಂಪನ್ನು ಅದರೊಳಗೆ ಸೇರಿಸಿ. ಅದರ ಪ್ರಕಟಣೆ ವಿಭಾಗದಲ್ಲಿ ಮಳೆಯ ಮುನ್ಸೂಚನೆ, ಸಿಂಪಡಣೆ, ಒಣದ್ರಾಕ್ಷಿ ದರ ಮಾತ್ರ ಇರಲಿ. ಅಲ್ಲಿ ಹೊಸ ಪ್ರಕಟಣೆ ಹಾಕುವವರು ಅಡ್ಮಿನ್‌ಗಳಷ್ಟೇ. ಸಾಮಾನ್ಯ ಸದಸ್ಯರ ನಂಬರುಗಳು ಅಲ್ಲಿ ಪರಸ್ಪರ ಕಾಣುವುದಿಲ್ಲ, ಗುಂಪಿನಲ್ಲಿರುವ ಹೆಣ್ಣುಮಕ್ಕಳಿಗೆ ಇದರಿಂದ ನೆಮ್ಮದಿ. ಹಳೆಯ ಗುಂಪು ಚರ್ಚೆಗೆ ತೆರೆದೇ ಇರಲಿ, ಅಲ್ಲಿ ಕಸ ಬಿದ್ದರೆ ಮೇಲೆ ಹೇಳಿದ ಕ್ರಮವನ್ನು ಪಾಲಿಸಿ. ಅಲ್ಲಿಯ ಗದ್ದಲಕ್ಕೆ ಬೇಸತ್ತು ಮ್ಯೂಟ್ ಮಾಡಿದವರಿಗೂ ಸಿಂಪಡಣೆಯ ಸೂಚನೆ ತಪ್ಪುವುದಿಲ್ಲ.

ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಮೇಲೆ ಕೇಸು ಬೀಳುತ್ತದೆಯೇ ಎಂದೂ ಹಲವರು ಕೇಳುತ್ತಾರೆ. ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಅಡ್ಮಿನ್ ತಾನೇ ಅದರಲ್ಲಿ ಕೈಜೋಡಿಸಿದ್ದರೆ ಮಾತು ಬೇರೆ. ಹಣ ಕಳೆದುಕೊಂಡ ಸದಸ್ಯರು ದೂರು ಕೊಡಲು ಹೊರಟರೆ ಅವರಿಗೆ ಬೇಕಾಗುವುದು ಪುರಾವೆ. ಆದ್ದರಿಂದ ಫೈಲನ್ನು ಅಳಿಸುವ ಮೊದಲು ನಂಬರು, ಸಮಯ, ಫೈಲಿನ ಹೆಸರು ಕಾಣುವಂತೆ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.