ಮನೆ ಚರಂಡಿ ಪೈಪಿಗೆ ಎಷ್ಟು ವಾಟ, ಎಲ್ಲೆಲ್ಲಿ ಚೇಂಬರ್?

ಮನೆ ಚರಂಡಿಯ ಪಾಠದಲ್ಲಿ ಎಲ್ಲರೂ ಬಾಯಿಪಾಠ ಮಾಡುವುದು ಎರಡು ಸಂಖ್ಯೆ: 100 ಮಿ.ಮೀ. ಪೈಪಿಗೆ 57ಕ್ಕೆ 1, 150 ಮಿ.ಮೀ. ಪೈಪಿಗೆ 100ಕ್ಕೆ 1. ಅಂದರೆ 57 ಮೀಟರ್ ಹೋದರೆ 1 ಮೀಟರ್ ಇಳಿಯಬೇಕು. ಇವು ಎಲ್ಲಿಂದ ಬಂದವು ಅಂತ ತಿಳಿದರೆ ನೆನಪಿಡುವುದು ಸುಲಭ.

ಪೈಪಿನಲ್ಲಿ ಕೊಳಕು ತಳಕ್ಕೆ ಕೂರದೆ ಸಾಗಬೇಕಾದರೆ ನೀರು ಸೆಕೆಂಡಿಗೆ 0.75 ಮೀಟರ್ ವೇಗದಲ್ಲಾದರೂ ಹರಿಯಬೇಕು. ಮ್ಯಾನಿಂಗ್ ಸೂತ್ರ ಹೀಗಿದೆ:

```
V = (1/n) × R^(2/3) × S^(1/2)
```

ಇಲ್ಲಿ V ನೀರಿನ ವೇಗ, n ಒಳಮೈಯ ಒರಟುತನ, S ವಾಟ. R ಅಂದರೆ ನೀರಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ನೀರು ತಾಗುವ ಅಂಚಿನ ಉದ್ದದಿಂದ ಭಾಗಿಸಿದ್ದು; ಅರ್ಧ ತುಂಬಿದ 100 ಮಿ.ಮೀ. ಪೈಪಿಗೆ ಅದು 0.025 ಮೀಟರ್. ಒಳಮೈ ಸ್ವಲ್ಪ ಒರಟು ಅಂದುಕೊಂಡು n = 0.015, S = 1/57 ಹಾಕಿ. ಉತ್ತರ ಸುಮಾರು 0.75. 150ರ ಪೈಪಿಗೆ 1/100 ಹಾಕಿದರೂ ಅಷ್ಟೇ ಬರುತ್ತದೆ.

ಇಲ್ಲಿ 'ಅರ್ಧ ತುಂಬಿದ' ಅನ್ನುವ ಮಾತನ್ನು ಬಿಡಬೇಡಿ. 100ರ ಪೈಪು ಈ ವಾಟದಲ್ಲಿ ಅರ್ಧ ತುಂಬಿ ಹರಿಯಲು ನಿಮಿಷಕ್ಕೆ ಸುಮಾರು 180 ಲೀಟರ್ ನೀರು ಬೇಕು. 150ರ ಪೈಪಿಗೆ 100ಕ್ಕೆ 1ರಲ್ಲಿ ಸುಮಾರು 400 ಲೀಟರ್ ಬೇಕು. ಒಂದು ಸಂಸಾರದ ಮನೆಯಿಂದ ಅಷ್ಟು ನೀರು ಎಲ್ಲಿ ಬರುತ್ತದೆ? 'ದೊಡ್ಡ ಪೈಪ್ ಹಾಕಿದರೆ ಕಡಿಮೆ ವಾಟ ಸಾಕು' ಅಂತ 150ರ ಪೈಪನ್ನು ಚಪ್ಪಟೆಯಾಗಿ ಮಲಗಿಸಿದರೆ ನೀರು ತಳದಲ್ಲಿ ತೆಳ್ಳಗೆ ಹರಿಯುತ್ತದೆ, ಮಲ ಅಲ್ಲೇ ನಿಲ್ಲುತ್ತದೆ. ಒಂದು ಮನೆಗೆ 100ರ ಪೈಪೇ ಸರಿ ಅನ್ನುವುದು ಇದಕ್ಕೇ.

ಈಗ ಒಂದು ಲೆಕ್ಕ ಮಾಡೋಣ. ಬೆಂಗಳೂರಿನ 30×50 ಸೈಟು, ನೆಲ ಸಮತಟ್ಟು. ಹಿಂದಿನ ಮೂಲೆಯಲ್ಲಿ ಟಾಯ್ಲೆಟ್ಟು, ಅಲ್ಲಿ ಚೇಂಬರ್ 1. ಪಕ್ಕದ ಓಣಿಯಲ್ಲಿ 7 ಮೀಟರ್ ಮುಂದೆ ಅಡುಗೆಮನೆ ನೀರು ಬಂದು ಸೇರುವಲ್ಲಿ ಚೇಂಬರ್ 2. ಅಲ್ಲಿಂದ 6 ಮೀಟರ್ ಆಚೆ, ಗೇಟಿನ ಹತ್ತಿರ ಚೇಂಬರ್ 3. 57ಕ್ಕೆ 1ರಂತೆ ಮೊದಲ ಭಾಗ 123 ಮಿ.ಮೀ., ಎರಡನೆಯದು 105 ಮಿ.ಮೀ. ಇಳಿಯಬೇಕು. ಒಟ್ಟು 228.

ಚೇಂಬರ್ 1ರಲ್ಲಿ ಪೈಪಿನ ಒಳತಳ ನೆಲದಿಂದ 450 ಮಿ.ಮೀ. ಕೆಳಗಿದ್ದರೆ ಚೇಂಬರ್ 3ರಲ್ಲಿ ಅದು 678ಕ್ಕೆ ಬರುತ್ತದೆ. ಆದರೆ ರಸ್ತೆ ಚರಂಡಿಗೆ ಸೇರಲು ಆ ಚೇಂಬರಿನಲ್ಲಿ 600ಕ್ಕಿಂತ ಕೆಳಗೆ ಹೋಗುವಂತಿಲ್ಲ ಅಂತಿಟ್ಟುಕೊಳ್ಳಿ. ಆಗ ವಾಟ ಕಡಿಮೆ ಮಾಡುವ ಬದಲು ಆರಂಭವನ್ನೇ ಮೇಲಕ್ಕೆತ್ತಬೇಕು. 350ರಲ್ಲಿ ಶುರು ಮಾಡಿದರೆ 578ಕ್ಕೆ ಮುಗಿಯುತ್ತದೆ. ಅದಕ್ಕೇ ರಸ್ತೆ ಕಡೆಯ ಮಟ್ಟ ಮೊದಲು ಅಳೆದು, ಹಿಂದಕ್ಕೆ ಲೆಕ್ಕ ಹಾಕುತ್ತಾ ಬರಬೇಕು. ಟಾಯ್ಲೆಟ್ ನೆಲದ ಎತ್ತರ ಆಮೇಲೆ.

ಹಾಗೂ 130 ಮಿ.ಮೀ. ಇಳಿತ ಮಾತ್ರ ಸಿಕ್ಕಿದರೆ? 13 ಮೀಟರಿಗೆ ಅದು 100ಕ್ಕೆ 1. ಹೊಸ, ನುಣುಪಾದ ಪಿವಿಸಿ ಪೈಪಿಗೆ n = 0.011 ಹಾಕಿದರೆ ಅರ್ಧ ತುಂಬಿದಾಗ ಸುಮಾರು 0.78 ಬರುತ್ತದೆ. ಪಾಸು, ಆದರೆ ಒಳಗೆ ಜಿಡ್ಡು ಕಟ್ಟಿ n 0.015 ಆದರೆ 0.57ಕ್ಕೆ ಕುಸಿಯುತ್ತದೆ. ಅಡುಗೆಮನೆ ಎಣ್ಣೆ ಸೇರುವ ಪೈಪಿನಲ್ಲಿ ನಾನಂತೂ ಇದನ್ನು ಒಪ್ಪುವುದಿಲ್ಲ. ವಾಟ ಜಾಸ್ತಿಯಾದೀತು ಅನ್ನುವ ಭಯ ಮಾತ್ರ ಬೇಡ. 40ಕ್ಕೆ 1 ಕೊಟ್ಟರೂ ಗರಿಷ್ಠ ಮಿತಿಯಾದ ಸೆಕೆಂಡಿಗೆ 2.4 ಮೀಟರಿನ ಹತ್ತಿರವೂ ಹೋಗುವುದಿಲ್ಲ. ಅಗೆತ ಜಾಸ್ತಿಯಾಗುತ್ತದೆ, ಅಷ್ಟೇ.

ಇನ್ನು ಚೇಂಬರ್. ಪೈಪು ತಿರುಗುವಲ್ಲಿ, ವಾಟ ಬದಲಾಗುವಲ್ಲಿ, ಇನ್ನೊಂದು ಪೈಪು ಬಂದು ಸೇರುವಲ್ಲಿ ಒಂದೊಂದು ಇರಲೇಬೇಕು. ಎರಡು ಚೇಂಬರುಗಳ ನಡುವೆ ಪೈಪು ನೆಟ್ಟಗಿದ್ದರೆ ತಾನೇ ಕಡ್ಡಿ ಹಾಕಿ ಕಟ್ಟಿದ್ದನ್ನು ಬಿಡಿಸಬಹುದು? ಅಡುಗೆಮನೆ, ಬಚ್ಚಲ ನೀರು ಬೀಳುವ, ಚರಂಡಿ ವಾಸನೆ ತಡೆಯುವ ಗಲ್ಲಿ ಟ್ರ್ಯಾಪಿನಿಂದ ಚೇಂಬರಿಗೆ 6 ಮೀಟರ್ ಮೀರಬಾರದು ಅನ್ನುವುದು ನಮ್ಮ ಕಟ್ಟಡ ಕೋಡಿನ ನಿಯಮ. ನೆಟ್ಟಗಿನ ಸಾಲಿನಲ್ಲಿ ಮ್ಯಾನ್‌ಹೋಲುಗಳ ಅಂತರ 45 ಮೀಟರಿನವರೆಗೂ ಹೋಗಬಹುದು ಅಂತ ಪುಸ್ತಕದಲ್ಲಿ ಓದುತ್ತೇವೆ, ಆದರೆ 30×50 ಸೈಟಿನಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ. ಸುಮ್ನೆ ಜಾಸ್ತಿ ಚೇಂಬರ್ ಕಟ್ಟುವುದೂ ಒಳ್ಳೆಯದಲ್ಲ. ತಳದಲ್ಲಿ ಅರ್ಧ ಪೈಪಿನಾಕಾರದ ಕಾಲುವೆ ಮಾಡಿ, ಎರಡೂ ಬದಿ ಕಾಲುವೆಯ ಕಡೆಗೆ ಇಳಿಜಾರು ಕೊಡದೆ ಚಪ್ಪಟೆಯಾಗಿ ಪ್ಲಾಸ್ಟರ್ ಮಾಡಿದರೆ, ಕೊಳಕು ಮೊದಲು ನಿಲ್ಲುವುದು ಅಲ್ಲೇ.

ಸೈಟಿನಲ್ಲಿ ಪರೀಕ್ಷೆ ಹೀಗೆ. 57ಕ್ಕೆ 1 ಅಂದರೆ 3 ಮೀಟರಿನ ಒಂದು ಪೈಪಿಗೆ 53 ಮಿ.ಮೀ. ಇಳಿತ. ಮೇಸ್ತ್ರಿಗೆ 'ಹತ್ತಡಿಗೆ ಎರಡಿಂಚು' ಅಂದರೆ 60ಕ್ಕೆ 1 ಆಗುತ್ತದೆ, ಪಿವಿಸಿ ಪೈಪಿಗೆ ಅದು ನಡೆಯುತ್ತದೆ. ಟ್ಯೂಬ್ ಲೆವೆಲ್ ಹಿಡಿದು ಎರಡು ತುದಿ ನೋಡಿದರೆ ಸಾಲದು, ಪ್ರತಿ ಜಾಯಿಂಟಿನಲ್ಲೂ ನೋಡಬೇಕು. ಸಡಿಲ ಮಣ್ಣಿನ ಮೇಲೆ ಮಲಗಿಸಿದ ಪೈಪು ನಡುವೆ ಕುಸಿದರೆ ತುದಿಗಳ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಮಣ್ಣು ಮುಚ್ಚುವ ಮೊದಲು ಒಂದು ಚೇಂಬರಿನಲ್ಲಿ ಟಾರ್ಚ್ ಹಿಡಿದು, ಇನ್ನೊಂದರಲ್ಲಿ ಕನ್ನಡಿಯಿಟ್ಟು ನೋಡಿ. ಪೈಪಿನ ಬಾಯಿ ಪೂರ್ತಿ ದುಂಡಗೆ ಕಂಡರೆ ಸಾಲು ನೆಟ್ಟಗಿದೆ. ಚಂದ್ರನ ಕಲೆಯಂತೆ ಅರೆಬರೆ ಕಂಡರೆ ನಡುವೆ ಕುಸಿದಿದೆ ಅಥವಾ ಪಕ್ಕಕ್ಕೆ ಸರಿದಿದೆ. ಆಗ ಆ ಪೈಪನ್ನು ಎತ್ತಿ, ಕೆಳಗೆ ಮರಳು ಹಾಕಿ ದಮ್ಮಸು ಮಾಡಿ ಮತ್ತೆ ಕೂರಿಸಬೇಕು.