ಹೆಲ್ಮೆಟ್ ಆನ್‌ಲೈನ್‌ನಲ್ಲಿ ಕೊಳ್ಳುವಾಗ ವಿವರ ಓದುವುದು ಹೇಗೆ

ಮೊದಲು ನೋಡಬೇಕಾದ್ದು ಐಎಸ್‌ಐ ಗುರುತು. ಆದರೆ ಆ ಗುರುತು ಇದ್ದರಷ್ಟೇ ಸಾಲದು. ಅದರ ಮೇಲ್ಗಡೆ ಒಂದು ನಂಬರ್ ಇರುತ್ತದೆ. ಬೈಕ್ ಹೆಲ್ಮೆಟ್‌ಗೆ ಅದು IS 4151 ಆಗಿರಬೇಕು. ಕಟ್ಟಡ ಕೆಲಸದವರು ಹಾಕುವ ಟೋಪಿಗೂ ಐಎಸ್‌ಐ ಗುರುತು ಇರುತ್ತದೆ, ಆದರೆ ಅಲ್ಲಿರುವುದು IS 2925. ಮೇಲಿನಿಂದ ಬೀಳುವ ವಸ್ತುವಿನಿಂದ ಕಾಪಾಡಲು ಮಾಡಿದ್ದು ಅದು, ರಸ್ತೆಗೆ ಬಿದ್ದಾಗ ಆಗುವುದಿಲ್ಲ. ಗುರುತಿನ ಕೆಳಗಡೆ CM/L ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. BIS Care ಆ್ಯಪ್‌ನಲ್ಲಿ ಅದನ್ನು ಹಾಕಿದರೆ ತಯಾರಕರ ಹೆಸರು, ವಸ್ತು, ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆಯೇ ಎಲ್ಲ ಬರುತ್ತದೆ. ಫೋಟೋದಲ್ಲಿ ಈ ನಂಬರ್ ಕಾಣದಿದ್ದರೆ ಹೆಲ್ಮೆಟ್ ಕೈಗೆ ಬಂದ ದಿನವೇ ನೋಡಿ, ವಾಪಸ್ ಕಳಿಸುವ ಅವಧಿ ಮುಗಿಯುವ ಮೊದಲೇ. 2021ರ ಜೂನ್ 1ರಿಂದ ಐಎಸ್‌ಐ ಇಲ್ಲದ ಬೈಕ್ ಹೆಲ್ಮೆಟ್ ಮಾರುವುದೇ ತಪ್ಪು. ಅಮೆರಿಕದ ಗುರುತಾದ DOT ಎಂದಷ್ಟೇ ಬರೆದಿದ್ದರೆ ನಮ್ಮಲ್ಲಿ ಸಾಲದು.

ಶೆಲ್ ಅಂದರೆ ಹೊರಗಿನ ಗಟ್ಟಿ ಭಾಗ. ಕಡಿಮೆ ಬೆಲೆಯವು ಸಾಮಾನ್ಯವಾಗಿ ಎಬಿಎಸ್ ಪ್ಲಾಸ್ಟಿಕ್, ದುಬಾರಿಯವು ಫೈಬರ್‌ಗ್ಲಾಸ್ ಅಥವಾ ಕಾರ್ಬನ್ ಫೈಬರ್. IS 4151 ಪರೀಕ್ಷೆ ಎಲ್ಲವಕ್ಕೂ ಒಂದೇ, ಹಾಗಾಗಿ ಎಬಿಎಸ್ ಅಂತ ಹೆದರಬೇಕಿಲ್ಲ. ಪ್ಲಾಸ್ಟಿಕ್ ಶೆಲ್‌ಗೆ ಪೆಟ್ರೋಲ್, ಥಿನ್ನರ್ ತಾಗಿಸಬೇಡಿ, ಒಳಗೊಳಗೇ ಬಿರುಕು ಬಿಡಬಹುದು. ಪೆಟ್ಟನ್ನು ನುಂಗುವುದು ಒಳಗಿನ ಥರ್ಮಾಕೋಲ್ ಪದರ. ಅದು ಒಮ್ಮೆ ಕುಗ್ಗಿದರೆ ಮುಗಿಯಿತು. ಜೋರಾಗಿ ಬಿದ್ದ ಹೆಲ್ಮೆಟ್ ಹೊರಗಿಂದ ಚೆನ್ನಾಗಿ ಕಂಡರೂ ಬಿಟ್ಟುಬಿಡಿ.

ಜಾಸ್ತಿ ಜನ ಎಡವುವುದು ಅಳತೆಯಲ್ಲಿ. ಟೈಲರ್ ಟೇಪನ್ನು ಹುಬ್ಬಿನಿಂದ ಎರಡು ಬೆರಳು ಮೇಲೆ, ಕಿವಿಯ ಮೇಲ್ಭಾಗದಿಂದ ಹಾಯಿಸಿ ತಲೆಯ ಹಿಂದಿನ ಉಬ್ಬಿನ ಮೇಲೆ ಸುತ್ತಿ. ಮೂರು ಸಲ ಅಳೆದು ದೊಡ್ಡ ಸಂಖ್ಯೆ ಇಟ್ಟುಕೊಳ್ಳಿ. ನನ್ನ ತಮ್ಮನಿಗೆ 58.5 ಸೆಂ.ಮೀ., ಅಂದರೆ 585 ಮಿ.ಮೀ. ಬಂತು. ಪಟ್ಟಿಯಲ್ಲಿ ಇದ್ದದ್ದು 580 (M), 600 (L). ಸುಮ್ನೆ ಆರಾಮಾಗಿರಲಿ ಅಂತ 600 ತರಿಸಿದ. ಗದ್ದದ ಪಟ್ಟಿ ಬಿಗಿದು ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಡವಾಗಿ ತಿರುಗುತ್ತಿತ್ತು. ಹಿಂಬದಿಯಿಂದ ಮೇಲಕ್ಕೆತ್ತಿದರೆ ಹಣೆಯ ಮೇಲೆ ಜಾರುತ್ತಿತ್ತು. ಬಿದ್ದಾಗ ಕಳಚಿಕೊಳ್ಳುವುದು ಹೀಗೇ ಅಲ್ವಾ? ಬದಲಾಯಿಸಿ 580 ತರಿಸಿದೆವು. ಕೆನ್ನೆ ಒತ್ತುತ್ತಿತ್ತು, ಆದರೆ ಹೆಲ್ಮೆಟ್ ಅಲ್ಲಾಡಿಸಿದಾಗ ಹಣೆಯ ಚರ್ಮವೂ ಜೊತೆಗೇ ಸರಿಯಿತು. ಹದಿನೈದು ನಿಮಿಷ ಹಾಕಿಕೊಂಡು ತೆಗೆದ, ಹಣೆ ನೋಯಲಿಲ್ಲ, ಕೆಂಪು ಗೆರೆಯೂ ಮೂಡಲಿಲ್ಲ. ಕೆನ್ನೆಯ ಪ್ಯಾಡ್ ಕೆಲ ವಾರಗಳಲ್ಲಿ ಸಡಿಲವಾಯಿತು. ಹಣೆ ನೋಯುತ್ತಿದ್ದರೆ ಮಾತ್ರ ಅದು ಚಿಕ್ಕದು ಅಥವಾ ಆಕಾರ ಹೊಂದದ್ದು ಎಂದರ್ಥ.

ಗ್ಲಾಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಒಂದೇ: ಒಂದೇ ಕೊಳ್ಳುವುದಾದರೆ ಪಾರದರ್ಶಕವಾದದ್ದನ್ನೇ ಕೊಳ್ಳಿ. ಕಪ್ಪು ಗ್ಲಾಸ್ ಹಗಲಿಗೆ ಚೆಂದ, ಸಂಜೆ ಮಳೆಯಲ್ಲಿ ಗುಂಡಿ ಕಾಣುವುದಿಲ್ಲ. ಮಂಜು ಹಿಡಿಯದ ಲೇಪನ ಇದೆಯೇ, ಬಿಡಿ ಗ್ಲಾಸ್ ಸಿಗುತ್ತದೆಯೇ ಎಂದು ನೋಡಿ. ಒಣಬಟ್ಟೆಯಲ್ಲಿ ಧೂಳು ಒರೆಸಿದರೆ ಗೀರು ಬೀಳುತ್ತದೆ. ಮೊದಲು ನೀರು ಹಾಕಿ ತೊಳೆಯಿರಿ.